ಕೂಗದೆ ಉಳಿದ ಚೀಟಿ

ಯಶವಂತಪುರದ ಮಾರುಕಟ್ಟೆ ಪಕ್ಕದ ಹಿಟ್ಟಿನ ಗಿರಣಿ ಕೈತಪ್ಪಿದ್ದಕ್ಕೆ ಮುದುಕ ಯಜಮಾನನೇ ಕಾರಣ, ಅವನು ಮಾತಿಗೆ ತಪ್ಪಿದ ಎಂದು ಎಷ್ಟೋ ವರ್ಷ ನೆಂಟರ ಮುಂದೆ ಹೇಳಿಕೊಂಡು ತಿರುಗಿದೆ. ಅದು ಸುಳ್ಳು.

ಆಗ ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಲಸ ಬಿಟ್ಟು ಗಿರಣಿ ಇಡಬೇಕೆಂದು ನಾನೂ ಹೆಂಡತಿಯೂ ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಸುತ್ತಿದ್ದೆವು.

"ರೀ, ಆರು ತಿಂಗಳ ಮನೆ ಖರ್ಚು, ಗಿರಣಿ ಅಡ್ವಾನ್ಸು, ಇಷ್ಟನ್ನ ಪೋಸ್ಟಾಫೀಸ್ ಪಾಸ್‌ಬುಕ್ಕಲ್ಲಿಡಿ. ಬೇಕಂದಾಗ ಕೈಗೆ ಸಿಗ್ಬೇಕು. ಮಿಕ್ಕಿದ್ದನ್ನ ಏನಾದ್ರೂ ಮಾಡ್ಕೊಳ್ಳಿ," ಎಂದಳು ಹೆಂಡತಿ.

"ಆ ಪುಡಿಗಾಸು ಬಡ್ಡಿಗಾ? ಉಪ್ಪಿನಕಾಯಿ ಜಾಡಿ ಇಟ್ಟಂಗಲ್ಲ ಕಣೇ ಇದು!"

ಹೈಸ್ಕೂಲು ಮೆಟ್ಟಿಲು ಹತ್ತಿದ್ದೆನಲ್ಲ, ಅಷ್ಟು ಕೊಬ್ಬು. ಕೂಡಿಸಿದ್ದನ್ನೆಲ್ಲ ಪೋಸ್ಟಾಫೀಸಿನ ಹನ್ನೆರಡು ವರ್ಷದ ಉಳಿತಾಯ ಸರ್ಟಿಫಿಕೇಟಿಗೆ ಹಾಕಿದೆ. ಕೊಂಡ ವರ್ಷವೇ ಅದನ್ನು ಮುರಿಸುವಂತಿಲ್ಲ. ಸಂಬಳದಲ್ಲಿ ಉಳಿದದ್ದು ಚೀಟಿಗೆ: ಇಪ್ಪತ್ತು ಜನ, ತಿಂಗಳಿಗೆ ಐವತ್ತು ರೂಪಾಯಿ. ಮೊದಲ ಭಾನುವಾರ ಕೂಗು. ಯಾರು ಹೆಚ್ಚು ಬಿಟ್ಟುಕೊಡಲು ಒಪ್ಪುತ್ತಾರೋ ಅವರಿಗೆ ಆ ತಿಂಗಳ ಹಣ. ಬಿಟ್ಟದ್ದು ಎಲ್ಲರಿಗೂ ಹಂಚಿಕೆ. ಕೊನೆಯವರೆಗೂ ಕಾದವನು ಒಂದು ರೂಪಾಯಿಯನ್ನೂ ಬಿಡಬೇಕಿಲ್ಲ. ಆ ಕೊನೆಯ ಜಾಣ ನಾನೇ ಎಂದುಕೊಂಡಿದ್ದೆ.

ಒಂದು ಭಾನುವಾರ ದಾಸರಹಳ್ಳಿ ಕಡೆಯ ಹಾಲಿನವನೊಬ್ಬ ಇನ್ನೂರು ರೂಪಾಯಿ ಬಿಟ್ಟು ಚೀಟಿ ಎತ್ತಿದ.

"ಏನ್ ಗುರು, ದುಡ್ಡು ಕಡಿತಿತ್ತಾ?" ಎಂದು ಎಲ್ಲರೆದುರು ನಕ್ಕೆ.

"ಕೈಯಾಗಿದ್ರೆ ಧೈರ್ಯ ಕಣಣ್ಣ. ನಿಂಗೆ ಸಂಬಳ ಐತೆ, ನಂಗೆ ಎಮ್ಮೆ ಐತೆ. ಎಮ್ಮೆ ಬತ್ತೋಯ್ತದೆ," ಎಂದ. ಆ ಹಣವನ್ನು ಅವನು ನೇರ ಪೋಸ್ಟಾಫೀಸಿಗೆ ಒಯ್ದನೆಂದು ಕೇಳಿ ಇನ್ನಷ್ಟು ನಕ್ಕೆ.

ಎರಡೇ ದಿನಕ್ಕೆ ಗಿರಣಿಯ ಯಜಮಾನ ಹೇಳಿ ಕಳಿಸಿದ. ಗಿರಣಿ ಮಾರಿ ಮಗಳ ಊರಿಗೆ ಹೊರಟಿದ್ದ. ಗಿರಣಿ ಜೊತೆಗೇ ಕಲ್ಲು, ಮೋಟರು, ಎಲ್ಲಕ್ಕಿಂತ ಮುಖ್ಯವಾಗಿ ಕರೆಂಟಿನ ಕನೆಕ್ಷನ್ನು. ಹೊಸದಾಗಿ ಅದನ್ನು ಪಡೆಯಲು ಅಲೆದಲೆದು ಚಪ್ಪಲಿ ಸವೆಯುತ್ತಿದ್ದ ಕಾಲ. "ಶುಕ್ರವಾರಕ್ಕೆ ಐನೂರು ಅಡ್ವಾನ್ಸು ಕೊಡಪ್ಪ. ನೀನೇ ಮೊದ್ಲು ಕೇಳಿದ್ದು, ಬೇರೆಯೋರಿಗೆ ಹೇಳಿಲ್ಲ," ಎಂದ.

ಚೀಟಿ ನಡೆಸುವವರ ಮನೆಗೆ ಓಡಿದೆ.

"ಭಾನುವಾರ ಎದುರಿಗೇ ಕೂತಿದ್ರಲ್ಲ, ಬಾಯಿಗೇನ್ ಬೀಗ ಹಾಕಿದ್ರಾ? ಮುಂದಿನ ತಿಂಗಳು ಕೂಗಿ ಸ್ವಾಮಿ," ಎಂದರು.

ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ದೇವರ ಪಟದಷ್ಟೇ ಉಪಯೋಗಕ್ಕೆ. ಸಾಲ ಕೇಳಿದರೆ ನನ್ನ ಜಾಣತನ ಬಯಲಾಗುತ್ತದಲ್ಲ, ಕೇಳಲಿಲ್ಲ. ಮುದುಕ ಶುಕ್ರವಾರ ಕಾದ. ಭಾನುವಾರದವರೆಗೂ ಕಾದ. ಸೋಮವಾರ ಹಾಲಿನವನು ಪಾಸ್‌ಬುಕ್ಕಿನಿಂದ ತೆಗೆದ ಐನೂರನ್ನು ಮುದುಕನ ಕೈಗಿಟ್ಟು ಗಿರಣಿ ಹಿಡಿದ.

ಹೆಂಡತಿಗೂ ನಾನು ಹೇಳಿದ್ದು, "ಆ ಮುದುಕ ಕೈಕೊಟ್ಟ," ಎಂದೇ. ಅವಳು ನಂಬಿ ಅವನಿಗೆ ಶಾಪ ಹಾಕಿದಳು. ರಾಗಿ ಬೀಸಿಸಲು ಆ ಗಿರಣಿಗೆ ಹೋಗದೆ, ಡಬ್ಬ ಹೊತ್ತು ಮತ್ತಿಕೆರೆಯವರೆಗೆ ನಡೆಯುತ್ತಿದ್ದಳು. ಕೊನೆಗೆ ಚೀಟಿ ಪೂರ್ತಿ ಬಂತು, ಒಂದು ರೂಪಾಯಿಯೂ ಬಿಡದೆ. ಕೊಳ್ಳಲು ಗಿರಣಿ ಇರಲಿಲ್ಲ. ನಿವೃತ್ತಿಯವರೆಗೂ ಫಿಟ್ಟರ್ ಆಗಿಯೇ ಉಳಿದೆ. ಅವಳು ಸಾಯುವವರೆಗೂ ನಾನು ನಿಜ ಹೇಳಲಿಲ್ಲ.