ಟೈಲರಮ್ಮ ಟೀವಿಗೆ ಹಾಕಿದ ಬೀಗ

ಟೈಲರಮ್ಮನ ಬಾಯಿ ಇಡೀ ಬೀದಿಗೇ ಗೊತ್ತು. ಟೇಪು ಹಿಡಿದು ಅವಳು ಅಳತೆ ಕೂಗಬೇಕು, ಪಕ್ಕದ ಕೋಣೆಯಲ್ಲಿ ಕೂತ ಗಂಡ ಬರೆದುಕೊಳ್ಳಬೇಕು. ಮದುವೆಯಾದಾಗಿನಿಂದ ಅವರ ಹೊಲಿಗೆ ನಡೆದಿರುವುದೇ ಹಾಗೆ. ಈ ಮಹಾರಾಯ ಈಚೆಗೆ ಸ್ಮಾರ್ಟ್ ಟೀವಿಯಲ್ಲಿ ಕಂಡ ಸಿನಿಮಾಕ್ಕೆಲ್ಲ ಓಕೆ ಒತ್ತಿ ಬಾಡಿಗೆಗೆ ತರುತ್ತಿದ್ದ, ಆಟದ ಆ್ಯಪಿನಲ್ಲೂ ಏನೇನೋ ಕೊಳ್ಳುತ್ತಿದ್ದ, ಆಮೇಲೆ ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದ.

"ಇವತ್ತು ನಿಮ್ಮ ಆಟಕ್ಕೆ ಬೀಗ ಹಾಕ್ತೀನಿ, ಏಳ್ರೀ ಆಚೆಗೆ!" ಎಂದು ಅವನನ್ನು ಎಬ್ಬಿಸಿ ಪಕ್ಕದ ಕೋಣೆಗೆ ಕಳಿಸಿ, ಅವಳು ಸೆಟ್ಟಿಂಗ್ಸಿಗೆ ಹೋದಳು. ಪ್ರತಿ ಬಾಡಿಗೆಗೂ, ಆ್ಯಪಿನೊಳಗಿನ ಪ್ರತಿ ಖರೀದಿಗೂ ಪಿನ್ ಕೇಳುವಂತೆ ಮಾಡಿ, ಎರಡೆರಡಾಗಿ ನಾಲ್ಕು ಅಂಕಿ ಒತ್ತಿದಳು. ಖಾತ್ರಿಗೆಂದು ಟೀವಿ ಮತ್ತೊಮ್ಮೆ ಕೇಳಿತು, ಮತ್ತೆ ಒತ್ತಿದಳು.

"ಇನ್ನು ಅದೇನ್ ಒತ್ಕೋತೀರೋ ಒತ್ಕೊಳ್ಳಿ!"

ಪಕ್ಕದ ಕೋಣೆಯಿಂದ ಗಂಡ ಕೂಗಿದ: "ಮೂವತ್ನಾಲ್ಕು, ಇಪ್ಪತ್ತೆಂಟು. ಬರ್ಕೊಂಡೆ ಕಣೇ, ತೋಳೆಷ್ಟು?"