ಖೋ-ಖೋ ಕಂಬಕ್ಕೆ ಪೂಜೆ ಮಾಡಿದವರು

ವನಜಾ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಪಿ.ಟಿ. ಮೇಡಂ. ಆರು ವರ್ಷದಿಂದ ಹುಡುಗಿಯರಿಗೆ ಖೋ-ಖೋ ಹೇಳಿಕೊಡುತ್ತಿದ್ದಳು. ಮೈದಾನಕ್ಕೆ ಎರಡು ಕಂಬ ಕೊಡಿಸಿದವನು ಊರಿನ ಹಳೇ ಆಟಗಾರ ಪುಟ್ಟರಾಜು. ಆಯುಧಪೂಜೆಯ ದಿನ ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಮುಟ್ಟಾಗಿ ಹೊರಗಾದವರು ಇನ್ನು ಕಂಬ ಮುಟ್ಟಕೂಡದು ಎಂದುಬಿಟ್ಟ. ವನಜಾ ಬಾಯಿ ಮುಚ್ಚಿಕೊಂಡಳು. ಅಷ್ಟೇ ಆಗಿದ್ದರೆ ಸರಿ. ದಿನಾ ಸೀಟಿ ಊದುವ ಮುಂಚೆ, ಹೊರಗಿರೋರು ಆಚೆ ಹೋಗಿ ಎಂದು ಕೂಗಿದವಳೂ ಅವಳೇ. ಹೋದವರು ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ಕೂರುತ್ತಿದ್ದರು. ಕಾಂಪೌಂಡ್ ಮೇಲೆ ಕೂತ ಹುಡುಗರು ಎಣಿಸಿ ನಗುತ್ತಿದ್ದರು.

ಒಂಬತ್ತನೇ ಕ್ಲಾಸಿನ ಶೋಭಿತಾ ಕಂಬಕ್ಕೆ ಒಂದು ಕೈ ಕೊಟ್ಟು ಮೈಯೆಲ್ಲ ಚಾಚಿದರೆ ತಪ್ಪಿಸಿಕೊಳ್ಳುವವರಿರಲಿಲ್ಲ. ಮಂಡ್ಯದಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಎಂಟು ದಿನವಿತ್ತು. ಮುಟ್ಟೂ ಅದೇ ವಾರ ಬರಬೇಕಿತ್ತು. ಅಭ್ಯಾಸ ತಪ್ಪದಿರಲಿ ಎಂದು ಅಜ್ಜಿ ಚಿಕ್ಕಬೋರಮ್ಮ, ಹಬ್ಬಕ್ಕೆ ಹೆಂಗಸರು ನುಂಗುವ, ಮುಟ್ಟು ಮುಂದೂಡುವ ಮಾತ್ರೆ ತಂದು, ಯಾವ ಡಾಕ್ಟರನ್ನೂ ಕೇಳದೆ ಮೊಮ್ಮಗಳಿಗೆ ಕೊಟ್ಟಳು. ಮೂರನೇ ದಿನ ಶೋಭಿತಾ ವಾಂತಿ ಮಾಡಿ ಮೈದಾನದಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾತ್ರೆ ನಿಲ್ಲಿಸಿದರು. ಎರಡು ಮೂರು ದಿನದಲ್ಲಿ ಮುಟ್ಟು ಬರುತ್ತದೆ, ಮೈ ಒಪ್ಪಿದರೆ ಆಡಲಿ ಎಂದರು. ಓಡಿದರೆ ಗರ್ಭಕೋಶ ಜಾರುತ್ತದೆಯೇ ಎಂದು ಅಜ್ಜಿ ಕೇಳಿದಳು. ಇಲ್ಲ ಎಂದರು. ವಾಪಸು ಬರುವ ಬಸ್ಸಿನಲ್ಲಿ ವನಜಾಳಿಗೆ ಸಿಟ್ಟು ಉಕ್ಕುತ್ತಿತ್ತು. ಪುಟ್ಟರಾಜುವಿನ ಮೇಲೆ, ಅಜ್ಜಿಯ ಮೇಲೆ, ಎಲ್ಲಕ್ಕಿಂತ ತನ್ನ ಆ ಸೀಟಿಯ ಮೇಲೆ.

ಮರುದಿನ ಹುಡುಗಿಯರನ್ನಷ್ಟೇ ಕ್ಲಾಸಿಗೆ ಕರೆದು, ಮೊದಲು ತನ್ನ ತಪ್ಪು ಒಪ್ಪಿಕೊಂಡಳು. ಮುಟ್ಟಾಗಿದ್ದನ್ನು ಇನ್ನು ಯಾರೂ ಎಲ್ಲರೆದುರು ಹೇಳಬೇಕಿಲ್ಲ. ನೋವಿದ್ದರೆ ಹತ್ತಿರ ಬಂದು "ಇವತ್ತು ನಿಧಾನ" ಅಂದರೆ ಸಾಕು. ಅವತ್ತು ಹಾರುವುದು ಬೇಡ, ಮೆಲ್ಲಗೆ ಓಟ, ಮೈ ಸಡಿಲಿಸುವುದು, ಬೇಡವೆನಿಸಿದರೆ ವಿಶ್ರಾಂತಿ. ಹುಷಾರಾಗಿದ್ದವರು ಎಂದಿನಂತೆ ಕಂಬ ಹಿಡಿದು ಆಡಲಿ. ಪ್ಯಾಡು ಬದಲಿಸಲು ಅಪ್ಪಣೆ ಕೇಳಬೇಡಿ. ಗಂಟೆಗೊಂದು ಪ್ಯಾಡು ತೊಯ್ದರೆ, ನೋವಿಗೆ ಏಳಲಾಗದಿದ್ದರೆ, ಆಸ್ಪತ್ರೆಗೆ ಹೋಗೋಣ.

ಸುದ್ದಿ ತಿಳಿದು ಪುಟ್ಟರಾಜು ಬಂದ.

"ಪೂಜೆ ಮಾಡಿರೋ ಕಂಬ ಕಣಮ್ಮ. ಮೈಲಿಗೆ ಆಯ್ತದೆ."

"ಮಗು ಬಿದ್ದು ಆಸ್ಪತ್ರೆಗೋಯ್ತು ಕಣಣ್ಣ. ನಿನ್ ಕಂಬಕ್ಕೇನಾಗಿತ್ತು? ಬೇಕಾದ್ರೆ ಕಿತ್ಕೊಂಡೋಗು."

ಅವನು ಕಿತ್ತುಕೊಂಡೇ ಹೋದ. ಮಾರನೆಯ ಬೆಳಿಗ್ಗೆ ಚಿಕ್ಕಬೋರಮ್ಮ ಕೊಟ್ಟಿಗೆಯಿಂದ ಎರಡು ನೀಲಗಿರಿ ಕಂಬ ಹೊರಿಸಿಕೊಂಡು ಬಂದಳು. ಹುಡುಗಿಯರೇ ಗುಂಡಿ ತೋಡಿ, ಸಿಬಿರು ಹೆರೆದು ನೆಟ್ಟರು.

ಮಂಡ್ಯದಲ್ಲಿ ಶೋಭಿತಾಳಿಗೆ ಮುಟ್ಟಿನ ಎರಡನೇ ದಿನ. ವನಜಾ ಪಕ್ಕಕ್ಕೆ ಕರೆದು ಹೇಗಿದೆ ಎಂದು ಕೇಳಿದಳು. ಹೊಟ್ಟೆ ಸ್ವಲ್ಪ ಹಿಡಿಯುತ್ತಿದೆ, ಆದರೂ ಆಡುತ್ತೇನೆ ಎಂದಳು ಹುಡುಗಿ. ಕಪ್ಪು ಪ್ಯಾಂಟು ಹಾಕಿ ಇಳಿದಳು, ಮೂರು ಸಲ ಕಂಬ ಹಿಡಿದು ಹಾರಿದಳು. ಹೆಸರು ಪಟ್ಟಿಗೆ ಬಂತು.

ಊರಿನಲ್ಲಿ ಪುಟ್ಟರಾಜು ಹಾರ ಹಿಡಿದು ಕಾಯುತ್ತಿದ್ದ. ವನಜಾ ಅಡ್ಡ ನಿಂತಳು.

"ಮೊದ್ಲು ಆ ಮಗೀಗೆ ತಪ್ಪಾಯ್ತು ಅನ್ನಣ್ಣ. ಹಾರ ಆಮೇಲೆ."

ಅವನು ನೆಲ ನೋಡುತ್ತಾ ಹಾರವನ್ನೇ ಮುಂದೆ ಚಾಚಿದ. ಶೋಭಿತಾ ಅವನನ್ನು ದಾಟಿ ಮನೆಗೆ ಹೋದಳು.