ಭಂಡಾರ ಮುಟ್ಟಿದ ಕೈಗಳು

ಅಮರಮ್ಮನನ್ನು ನೆನೆದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ತೆಲಂಗಾಣದ ಗಡಿಯಲ್ಲಿ, ನಾರ್ವದ ಹತ್ತಿರದ ನಮ್ಮೂರಿನಲ್ಲಿ ನಾನು ಅಂಗನವಾಡಿ ಟೀಚರು, ಎಲ್ಲರಿಗೂ ಅನಂತಕ್ಕ. ಅವಳು ಕುರುಬರ ಖಂಡಪ್ಪನ ಹೆಂಡತಿ, ನಮ್ಮ ಗೋಡೆಯಾಚೆಯ ಮನೆ. ಅಂಥ ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಮಗಳಿಗಾಗಿ ಅವಳಷ್ಟು ಓಡಾಡಿದ ತಾಯಿಯನ್ನೂ ಕಂಡಿಲ್ಲ. ಅಷ್ಟೂ ಓಡಾಟ ತಪ್ಪು ದಾರಿಯಲ್ಲಿ ಆಯಿತಲ್ಲ, ಅದೇ ನನ್ನ ಸಂಕಟ.

ಮಗಳು ರಜಿತಾ ಹುಟ್ಟಿದ್ದು ತೆಲಂಗಾಣ ಬೇರೆ ರಾಜ್ಯವಾದ ವರ್ಷ. ಊರೆಲ್ಲ ಪಟಾಕಿ ಹೊಡೆದರೂ ಕೂಸು ಬೆಚ್ಚಲಿಲ್ಲ. "ಬಂಗಾರದಂಥ ಕೂಸು, ಅಳೂದೇ ಇಲ್ಲ" ಎಂದು ಅತ್ತೆ ಕುರುಮಮ್ಮ ಹಿಗ್ಗಿದಳು. ಮೂರು ವರ್ಷವಾದರೂ ಮಾತು ಬರಲಿಲ್ಲ. ನಾನೇ ಬೆನ್ನು ಹತ್ತಿ ಮಹಬೂಬ್‌ನಗರದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಎರಡೂ ಕಿವಿ ಪೂರಾ ಕೇಳುವುದಿಲ್ಲ ಎಂದರು.

ಖಂಡಪ್ಪ ಅದಕ್ಕೆ ಅಷ್ಟೇನೂ ಅಳಲಿಲ್ಲ. ಅವನು ಮೊದಲಿಂದಲೂ ಮಗಳ ಜೊತೆ ಕೈಯಲ್ಲೇ ಮಾತಾಡುತ್ತಿದ್ದ. ಕುರಿ ಕಾಯುವವರಿಗೆ ಅದೇನು ಹೊಸದೇ? ಈ ಗುಡ್ಡದ ಮೇಲೊಬ್ಬ, ಆ ಗುಡ್ಡದ ಮೇಲೊಬ್ಬ ನಿಂತಾಗ ಕೂಗು ಕೇಳುವುದಿಲ್ಲ. ಕಂಬಳಿ ಎತ್ತಿ ಬೀಸಿದರೆ ಬಾ ಅಂತ. ಕೈ ಬಾಯಿಗಿಟ್ಟರೆ ನೀರು. ಎರಡು ಬೆರಳು ಹಣೆಗಿಟ್ಟರೆ ತೋಳ ಬಂದಿದೆ ಅಂತ. ರಜಿತಾ ಅಷ್ಟನ್ನೂ ಕಲಿತು ತನ್ನವೇ ಒಂದಷ್ಟು ಸೇರಿಸಿದ್ದಳು. ಕುಂಟ ಮರಿಗೆ ಒಂದು ಗುರುತು, ಅಜ್ಜಿ ಕುರುಮಮ್ಮನಿಗೆ ಇನ್ನೊಂದು. ಅಜ್ಜಿಯದು ನಶ್ಯ ಏರಿಸುವ ಗುರುತು. ಅಪ್ಪ ಮಗಳು ಅದನ್ನು ಮಾಡಿಕೊಂಡು ನಗುವುದನ್ನು ನೋಡಿ ಮುದುಕಿಗೆ ಮೈ ಉರಿಯುತ್ತಿತ್ತು.

ಆಗ ನಾರಾಯಣಪೇಟೆಯಲ್ಲಿ ಒಂದು ಖಾಸಗಿ ಮಾತು ಕಲಿಸುವ ಕೇಂದ್ರ ಇತ್ತು. ಕಲಿಸುವವನು ಭೀಮಶಂಕರ್ ಸಾರು. ಕೆಟ್ಟವನಲ್ಲ, ಆದರೆ ತನಗೆ ತಿಳಿದದ್ದೇ ವೇದ ಎನ್ನುವ ಮನುಷ್ಯ. ಅಲ್ಲಿ ಒಬ್ಬ ಹುಡುಗನ ಕಿವಿಗೆ ಕೇಳಿಸುವ ಮಿಷನ್ ಹಾಕಿ ಪಟಪಟ ಮಾತಾಡಿಸಿ ತೋರಿಸಿದ. ಆ ಹುಡುಗನಿಗೆ ಅರ್ಧ ಕಿವಿ ಕೇಳುತ್ತಿತ್ತು. ಅದನ್ನು ಮಾತ್ರ ಹೇಳಲಿಲ್ಲ.

"ಈ ಕೈ ಆಡ್ಸೋದು ಬಂದ್ ಮಾಡ್ರಿ. ಕೈಯಾಗ ಕೆಲಸ ಆದ್ರ ಬಾಯಿ ಯಾಕ ತೆರೀತಾಳ ಆಕಿ? ಮನ್ಯಾಗ ಕನ್ನಡನೂ ಬ್ಯಾಡ. ಮುಂದ ಸಾಲ್ಯಾಗ ತೆಲುಗು, ಹಂಗಾಗಿ ಈಗಿಂದ ತೆಲುಗೇ ಮಾತಾಡ್ರಿ" ಎಂದ.

ಅಮರಮ್ಮ ಅದನ್ನು ದೇವರ ಮಾತಿನಂತೆ ಹಿಡಿದಳು. ಖಂಡಪ್ಪ ಮಾತ್ರ ಕದ್ದು ಕೈ ಆಡಿಸುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ. ಅವಳು ಸೀದಾ ಬೀರಪ್ಪನ ಗುಡಿಗೆ ಎಳೆದುಕೊಂಡು ಹೋಗಿ, ಅವನ ಎರಡೂ ಅಂಗೈಗೆ ದೇವರ ಅರಿಶಿನದ ಭಂಡಾರ ಸುರಿದಳು. ನಾನೂ ಅಲ್ಲಿದ್ದೆ.

"ಮಗಳು ನೆಟ್ಟಗ ಮಾತಾಡೋತನಕ ಆಕಿ ಮುಂದ ಕೈ ಎತ್ತಂಗಿಲ್ಲಂತ ಆಣಿ ಮಾಡು."

"ಏ, ನನ್ನ ಕೂಡ ಆಕಿ ಹೆಂಗ ಮಾತಾಡ್ತಾಳಲೇ?"

"ಮಾಡು ಅಂದ್ರ ಮಾಡು!"

ಮಾಡಿದ. ಭಂಡಾರ ಮುಟ್ಟಿ ಆಡಿದ ಮಾತನ್ನು ಕುರುಬ ಮುರಿಯುವುದಿಲ್ಲ, ಜೀವ ಹೋದರೂ ಮುರಿಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅಲ್ಲಿಂದ ಆ ಮನೆಯಲ್ಲಿ ನಡೆದದ್ದನ್ನು ಏನೆನ್ನಲಿ! ಹುಟ್ಟಿನಿಂದ ಕನ್ನಡ ಆಡಿದ ಹೆಂಗಸು ಮಗಳ ಮುಂದೆ ಮಾತ್ರ ಹರಕು ತೆಲುಗಿನಲ್ಲಿ, ಬಾಯಿ ಅಗಲಿಸಿ ಒಂದೊಂದೇ ಮಾತು ಆಡುತ್ತಿದ್ದಳು. ಮಗಳ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಮೂಗಿಗೆ ಒತ್ತಿಕೊಂಡು "ಅಮ್ಮ, ಅಮ್ಮ" ಎಂದು ಸಾಯುತ್ತಿದ್ದಳು. ತುಟಿ ನೋಡಿದರೆ ಅಮ್ಮ ಅನ್ನುವುದೂ ಅಪ್ಪ ಅನ್ನುವುದೂ ಒಂದೇ ಥರ ಕಾಣುತ್ತವೆ. ಬೇಕಾದರೆ ಕನ್ನಡಿ ಮುಂದೆ ನಿಂತು ಆಡಿ ನೋಡಿ. ಸಾಲ ಮಾಡಿ ಹಾಕಿಸಿದ ಮಿಷನ್‌ನಲ್ಲಿ ರಜಿತಾಗೆ ಬರೀ ಗದ್ದಲ ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದು ಬಂದದ್ದು ಬೆರಳೆಣಿಕೆಯ ಮಾತು. ಅದೂ ಮನೆಯವರಿಗೆ ಮಾತ್ರ ತಿಳಿಯುವಂಥದ್ದು. ಆ ಹುಡುಗಿಗೆ ನಿನ್ನೆ ಇಲ್ಲ, ನಾಳೆ ಇಲ್ಲ, ಯಾಕೆ ಎಂದು ಕೇಳುವುದಕ್ಕೆ ದಾರಿಯೇ ಇಲ್ಲ. ಹೊಟ್ಟೆ ನೋಯಲಿ, ಹಸಿವಾಗಲಿ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಅಪ್ಪನ ಮುಂದೆ ಬಂದು ಕುಂಟ ಮರಿಯ ಗುರುತು ಮಾಡುವಳು, ನೀರಿನ ಗುರುತು ಮಾಡುವಳು. ಖಂಡಪ್ಪ ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಆಚೆ ತಿರುಗುತ್ತಿದ್ದ. ಕ್ರಮೇಣ ಹುಡುಗಿ ಅವನ ಹತ್ತಿರ ಬರುವುದನ್ನೇ ಬಿಟ್ಟಳು.

ರಜಿತಾಗೆ ಒಂಬತ್ತು ವರ್ಷವಿದ್ದಾಗ ಖಂಡಪ್ಪನಿಗೆ ಕಾಮಾಲೆ ಬಂದು ಉಲ್ಬಣಿಸಿತು. ಕೊನೆಯ ದಿನ ನಾನು ಅಲ್ಲೇ ಇದ್ದೆ. ಹುಡುಗಿ ಎಷ್ಟೋ ದಿನದ ಮೇಲೆ ಮಂಚದ ಹತ್ತಿರ ಬಂದು, ಕಂಬಳಿಯ ತುದಿ ಹಿಡಿದು ಬೀಸಿದಳು, ಬಾ ಅಂತ. ಅವನ ಕೈ ಮೇಲೆದ್ದಿತು. ಅಮರಮ್ಮನ ಕಡೆ ನೋಡಿದ. ಅವಳು ಬಾಯಿಗೆ ಸೆರಗಿಟ್ಟು ಅಳುತ್ತಿದ್ದಳು, ಬೇಡ ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ಅವನು ಮುಷ್ಟಿ ಬಿಗಿದು ಕೈಯನ್ನು ಎದೆ ಮೇಲಿಟ್ಟುಕೊಂಡ. ಮಣ್ಣು ಮಾಡಿ ಬಂದ ಮೇಲೂ ಅಪ್ಪ ಸತ್ತ ಎಂದು ಅವಳಿಗೆ ಹೇಳುವುದು ಯಾರಿಗೂ ಬರಲಿಲ್ಲ. ಅಮರಮ್ಮ ಬಾಯಿ ಅಗಲಿಸಿ ತೆಲುಗಿನಲ್ಲಿ ಹೇಳಿದಳು. ಹುಡುಗಿ ಅವಳ ಹಲ್ಲು ನೋಡುತ್ತ ನಿಂತಿತ್ತು. ಸಂಜೆಯಾದರೆ ಕುರಿ ಬರುವ ದಾರಿಗೆ ಹೋಗಿ ನಿಲ್ಲುತ್ತಿತ್ತು.

ಸಾಕಿನ್ನು ಎಂದು ನಾನೇ ಜಗಳ ಮಾಡಿ ಗದ್ವಾಲದ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸಿದೆ. ಅಲ್ಲಿ ಕಲಿಸುವ ರೇಷ್ಮಾ ಟೀಚರು ಸ್ವತಃ ಕಿವುಡಿ. ಅವಳ ಕೈ ಮಾತನ್ನು ನಮಗೆ ತಿಳಿಸುವವಳು ಕೃಷ್ಣಪ್ರಿಯಾ ಟೀಚರು, ರಾಯಚೂರಿನ ಕಡೆಯ ಕನ್ನಡದವಳು. ಸೇರಿಸಿದ ದಿನ ಅಂಗಳದಲ್ಲಿ ನಾಲ್ಕು ವರ್ಷದ ಮಗುವೊಂದು ಬೆಕ್ಕು ಹಾಲು ಕುಡಿದು ಓಡಿದ ಕತೆಯನ್ನು ಕೈಯಲ್ಲೇ ಹೇಳಿ ಎಲ್ಲರನ್ನೂ ನಗಿಸುತ್ತಿತ್ತು. ಅದರ ಅಪ್ಪ ಅಮ್ಮ ಇಬ್ಬರೂ ಕಿವುಡರಂತೆ. ಹುಟ್ಟಿದಾಗಿನಿಂದ ಕೈ ಮಾತು ನೋಡಿಕೊಂಡೇ ಬೆಳೆದ ಮಗು. ಒಂಬತ್ತರ ರಜಿತಾ ಪಕ್ಕದಲ್ಲಿ ಪಿಳಿಪಿಳಿ ನೋಡುತ್ತಿದ್ದಳು. ಅಮರಮ್ಮ ಎರಡನ್ನೂ ನೋಡಿದಳು.

"ಯಾವ ಭಾಷಿಯಾದ್ರೂ ಸರಿ ರೀ, ಸಣ್ಣಾಕಿ ಇದ್ದಾಗ ಒಂದು ಪೂರಾ ಸಿಗಬೇಕಿತ್ತು. ಕಿವಿಗೆ ಸಿಗಲಿಲ್ಲಂದ್ರ ಕಣ್ಣಿಗೆ" ಎಂದಳು ಕೃಷ್ಣಪ್ರಿಯಾ. "ಕೈ ಮಾತಿಂದ ಬಾಯಿ ಮಾತು ಕೆಡೂದಿಲ್ಲ. ಓದಾಕ, ಬರಿಯಾಕ ಅದೇ ಆಸರ ಆಗತೈತಿ. ಈಗೂ ಕಲೀತಾಳ, ಆದ್ರ ಭಾಳ ಕಷ್ಟ ಆಗತೈತಿ. ಮನ್ಯಾಗ ಯಾರೂ ಕೈ ಆಡಿಸ್ತಿರಲಿಲ್ಲೇನ್ರಿ?"

ಅಮರಮ್ಮ ತಲೆ ಎತ್ತಲಿಲ್ಲ. "ಆಕಿ ಅಪ್ಪ ಆಡಿಸ್ತಿದ್ದ ರೀ."

"ಅದು ಪೂರಾ ಭಾಷಿ ಅಲ್ಲ ಬಿಡ್ರಿ, ಆದ್ರ ಅಲ್ಲಿಂದನ ಸುರು ಮಾಡಬಹುದಿತ್ತು" ಎಂದಳು.

ಎರಡು ವರ್ಷವಾಯಿತು. ನೀವೂ ಕಲಿಯಿರಿ, ತಿಂಗಳಿಗೊಮ್ಮೆ ತಾಯಂದಿರಿಗೂ ಪಾಠ ಇದೆ ಎಂದು ಕೃಷ್ಣಪ್ರಿಯಾ ಎಷ್ಟೋ ಸಲ ಕರೆದಳು. "ನನಗೆಲ್ಲಿ ಬರತೈತಿ ಅನಂತಕ್ಕ, ನಾಚಿಕಿ ಆಗತೈತಿ" ಎಂದು ಅಮರಮ್ಮ ತಪ್ಪಿಸಿಕೊಂಡಳು. ಬೈದೆ, ಕೇಳಲಿಲ್ಲ.

ಮೊನ್ನೆ ನೋಡಲು ಹೋದಾಗ ರಜಿತಾ ಅವ್ವನ ಮುಂದೆ ನಿಂತು ಕೈ ಆಡಿಸಿದಳು, ಮೆಲ್ಲಗೆ, ತಡವರಿಸುತ್ತ. ಕೃಷ್ಣಪ್ರಿಯಾ ಹೇಳುವುದಕ್ಕೆ ಹಿಂದೆ ಮುಂದೆ ನೋಡಿದಳು. ಆಮೇಲೆ ಹೇಳಿದಳು:

"ಅಪ್ಪ ಸತ್ತಿದ್ದು ಈಗ ಗೊತ್ತಾಗೈತಂತ. ಅಪ್ಪಗ ನನ್ನ ಮ್ಯಾಲ ಯಾಕ ಅಷ್ಟು ಸಿಟ್ಟಿತ್ತು, ಸಾಯೋತನಕ ಕೈ ಯಾಕ ಮಾತಾಡಲಿಲ್ಲ, ನಾ ಏನು ತಪ್ಪು ಮಾಡಿದ್ದೆ ಅಂತ ಕೇಳ್ತಾಳ."

ಅಮರಮ್ಮನ ಮುಖ ಬೂದಿಯಾಯಿತು. ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದು ಕೃಷ್ಣಪ್ರಿಯಾಳನ್ನು ತಡೆದಳು. ಏನು ಹೇಳಬೇಕೋ ಕೈಗೆ ಬರಲಿಲ್ಲ. ಕೊನೆಗೆ ಎರಡು ಮುಂಗೈ ಜೋಡಿಸಿ ಹಗ್ಗ ಸುತ್ತಿ ಕಟ್ಟಿದಂತೆ ಮಾಡಿದಳು. ಆಮೇಲೆ ತನ್ನ ಎದೆ ಮುಟ್ಟಿ ತೋರಿಸಿದಳು, ಅಪ್ಪನ ಕೈ ಕಟ್ಟಿದವಳು ನಾನೇ ಎಂದು.

ಹುಡುಗಿಗೆ ಅರ್ಥವಾಯಿತು. ತುಂಬಾ ಹೊತ್ತು ಅವ್ವನ ಕೈಗಳನ್ನೇ ನೋಡಿತು. ಆಮೇಲೆ ಅದೇ ಜೋಡಿಸಿದ ಕೈಗಳ ಕಡೆ ಬೆರಳು ಮಾಡಿ ಏನೋ ಕೇಳಿ, ಉತ್ತರಕ್ಕೆ ಕಾಯದೆ ಕ್ಲಾಸಿಗೆ ಹೋಯಿತು.

"ಏನಂದ್ಳು ರೀ?" ಎಂದಳು ಅಮರಮ್ಮ.

"ನಿನ್ನ ಕೈ ಯಾರು ಕಟ್ಟ್ಯಾರ ಅಂದ್ಳು."

ಗದ್ವಾಲದಿಂದ ಮಖ್ತಲ್ ಮುಟ್ಟುವ ತನಕ ಬಸ್ಸಿನಲ್ಲಿ ಅಮರಮ್ಮ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ನಾನೂ ಬೈಯಲಿಲ್ಲ.